ಕಾಚಿಗೂಡ ಮನೆಯ ಹೊಸ ಪಾಸ್‌ವರ್ಡ್

ಸ್ಟೇಷನ್ನಿನಿಂದ ನಡೆದರೆ ಏಳು ನಿಮಿಷಕ್ಕೆ ಸಿಗುವ ಮನೆಗೆ ಸೊಸೆಯಾಗಿ ಹೋದವಳಿಗೆ ಬೇರೆ ಶಾಪ ಬೇಕಿಲ್ಲ. ಗುರುದೇವಿ ಇಪ್ಪತ್ತೆರಡು ವರ್ಷದಿಂದ ಕಾಚಿಗೂಡದ ಅಂಥ ಒಂದು ಮನೆಯ ಸೊಸೆ. ಸೇಡಂ ಕಡೆಯಿಂದ ಯಾರೇ ಹೈದರಾಬಾದಿಗೆ ಬರಲಿ, ಕಣ್ಣಿನ ಆಪರೇಷನ್ನಿಗೋ ಪರೀಕ್ಷೆಗೋ ಮದುವೆಯ ಸೀರೆಗೋ, ಮೊದಲು ಬಂದು ಇಳಿಯುವುದು ಇಲ್ಲಿ. ಚೀಲ ಪಡಸಾಲೆಯಲ್ಲಿಟ್ಟು, ಮುಖ ತೊಳೆದು, ಚಹಾ ಕುಡಿದು, ಆಮೇಲೆ ಊರು ನೋಡುವುದು. ಕೆಲವರಿಗೆ ಊರು ನೋಡಲು ಎಂಟು ದಿನ ಹಿಡಿಯುತ್ತಿತ್ತು.

ಗಂಡ ಚಂದ್ರಹಾಸ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಒಳ್ಳೆಯ ಮನುಷ್ಯ. ಒಳ್ಳೆಯವನೆನಿಸಿಕೊಳ್ಳುವುದಕ್ಕೆ ತಗಲುವ ಶ್ರಮವನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟ ಒಳ್ಳೆಯ ಮನುಷ್ಯ. ಅತ್ತೆ ಬಸಲಿಂಗಮ್ಮನಿಗೆ ಎಂಬತ್ತು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಚಪ್ಪೆಯ ಎಲುಬು ಮುರಿದುಕೊಂಡ ಮೇಲೆ ಆಕೆ ಎದ್ದರೂ ಕೂತರೂ ಒಂದು ಕೈ ಬೇಕು. ಆ ಕೈ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಕೈ ಕಾಲು ನಡೆಯದಿದ್ದರೂ ಬಸಲಿಂಗಮ್ಮನ ಬಾಯಿ ಮಾತ್ರ ಗಟ್ಟಿ. ಬಂದವರಿಗೆ ಇಲ್ಲ ಅನ್ನಬಾರದು ಎಂದು ಹಾಸಿಗೆಯಿಂದಲೇ ಅಪ್ಪಣೆಯಾಗುತ್ತಿತ್ತು.

ಮೂರು ವರ್ಷದ ಹಿಂದೆ ಮನೆಗೆ ವೈಫೈ ಬಂತು. ಬಂದ ದಿನದಿಂದ ಅದೂ ಚಹಾದ ಸಾಲಿಗೆ ಸೇರಿತು. ಊರಿನ ಹೆಸರು, ಅದರ ಮುಂದೆ ಒಂದು ಎರಡು ಮೂರು ನಾಲ್ಕು. ಪಾಸ್‌ವರ್ಡ್ ಇಷ್ಟೇ. ಬಂದವರು ನೀರಿನ ತಂಬಿಗೆ ಇಳಿಸುವ ಮೊದಲೇ ಬಸಲಿಂಗಮ್ಮ ಅದನ್ನು ಬಾಯಿಪಾಠ ಒಪ್ಪಿಸಿಬಿಡುತ್ತಿದ್ದಳು. ಮನೆಯ ಹಿಂದಿನ ಲಾಡ್ಜಿನಲ್ಲಿ ಉಳಿದ ನೆಂಟರಿಗೆ ಕಿಟಕಿಯ ಬಳಿ ನಿಂತರೆ ಸಿಗ್ನಲ್ ಸಿಗುತ್ತಿತ್ತು. ಎದುರು ಮನೆಯ ಅಟ್ಟದಲ್ಲಿ ಬಾಡಿಗೆಗಿದ್ದ ಊರಿನ ಐದು ಹುಡುಗರು ಇದರ ಮೇಲೆಯೇ ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ಸಂಜೆಯಾದರೆ ಮನೆ ಮುಂದಿನ ಕಟ್ಟೆಯ ಮೇಲೆ ಗಾರೆ ಕೆಲಸದ ಚಂದ್ರಾಮ ಬಂದು ಕೂತು, ಊರಲ್ಲಿದ್ದ ಹೆಂಡತಿ ಶಂಕ್ರಮ್ಮನ ಮುಖ ಫೋನಿನಲ್ಲಿ ನೋಡುತ್ತಿದ್ದ. ಅವನಿಗೆ ಓದು ಬರಹ ಬರದು. ಒಂದು ದಿನ ಗುರುದೇವಿಯೇ ಅವನ ಫೋನು ಇಸಿದುಕೊಂಡು ಪಾಸ್‌ವರ್ಡ್ ಒತ್ತಿಕೊಟ್ಟಿದ್ದಳು.

ಗುರುದೇವಿಗೆ ಒಂದು ನೌಕರಿ ಇತ್ತು. ಈ ಮಾತನ್ನು ಹೀಗೆ ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಮನೆಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಇಪ್ಪತ್ತು ವರ್ಷ ರೊಟ್ಟಿ ಬಡಿದ ಮೇಲೆ, ನಲವತ್ತನಾಲ್ಕರಲ್ಲಿ ಪರೀಕ್ಷೆ ಬರೆದು ಗಿಟ್ಟಿಸಿದ್ದು ಅದು. ಹೈಟೆಕ್ ಸಿಟಿಯ ಒಂದು ಕಂಪನಿಗೆ ಅಮೆರಿಕದ ಆಸ್ಪತ್ರೆಗಳ ವಿಮೆ ಕಾಗದಗಳು ಬರುತ್ತಿದ್ದವು. ರೋಗಿಯ ಹೆಸರು, ತಾರೀಖು, ಕಾಯಿಲೆಯ ಸಂಕೇತ ಒಂದಕ್ಕೊಂದು ತಾಳೆಯಾಗುತ್ತವೋ ಇಲ್ಲವೋ ನೋಡಿ ಮುಂದೆ ದೂಡಬೇಕು. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಮನೆಯಿಂದಲೇ, ಪಡಸಾಲೆಯ ಮೂಲೆಯ ಮೇಜಿನಲ್ಲಿ ಕೆಲಸ. ಕಂಪನಿಯ ಲ್ಯಾಪ್‌ಟಾಪಿನಿಂದ ಕಂಪನಿಯ ಒಳಗೆ ಒಂದು ಗುಪ್ತ ದಾರಿ. ಮನೆಯ ನೆಟ್ ಕಡಿದರೆ ದಾರಿಯೂ ಕಡಿದಂತೆ.

ಬಂದ ನೆಂಟರು ಕೇಳಿದರೆ ಚಂದ್ರಹಾಸ, “ಏನೋ ಕಂಪ್ಯೂಟರ್ ನೋಡ್ತಾಳ” ಎಂದು ನಗುತ್ತಿದ್ದ. ಹೆಂಡತಿ ದುಡಿಯುತ್ತಾಳೆಂದರೆ ತನ್ನ ಪಗಾರ ಸಾಲದೆಂದು ಊರಲ್ಲಿ ಅಂದುಕೊಂಡಾರು ಎಂಬುದು ಅವನ ಅಂಜಿಕೆ. ಹಾಗಾಗಿ ಕಂಪ್ಯೂಟರ್ ನೋಡುತ್ತ ಕೂತವಳಿಗೆ ನೆಂಟರು ಚಹಾ ಕೇಳುವುದಕ್ಕೆ ಹಿಂಜರಿಯುತ್ತಿರಲಿಲ್ಲ. ಸುಮ್ಮನೆ ಕೂತಿದ್ದಾಳಲ್ಲ.

ಆ ವರ್ಷ, ಅಂದರೆ ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ, ಮನೆಗೆ ಜನ ಬಂದರು ಅನ್ನುವುದಕ್ಕಿಂತ ಜನರ ನಡುವೆ ಮನೆ ಇತ್ತು ಅನ್ನಬೇಕು. ನೆಟ್ಟಿಗೆ ತಿಂಗಳಿಗೆ ಇಷ್ಟೇ ಡಾಟಾ ಎಂಬ ಮಿತಿ. ಅದು ಮುಗಿದರೆ ನೆಟ್ ನಿಲ್ಲುವುದಿಲ್ಲ, ಎತ್ತಿನ ಗಾಡಿಯಾಗುತ್ತದೆ. ಏಪ್ರಿಲ್ಲಿನಲ್ಲಿ ಹದಿನೈದಕ್ಕೆ ಮುಗಿಯಿತು, ಮೇ ತಿಂಗಳಲ್ಲಿ ಹತ್ತಕ್ಕೇ. ಕಾಗದದ ಒಂದು ಪುಟ ತೆರೆಯುವಷ್ಟರಲ್ಲಿ ಗುರುದೇವಿ ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು ತಂದು ಮಲಗಿಸಬಹುದಿತ್ತು. ಒಮ್ಮೊಮ್ಮೆ ನಡುವೆಯೇ ಲಾಗಿನ್ ದಾರದಂತೆ ಹರಿದು, ಮತ್ತೆ ಮೊದಲಿನಿಂದ ಒಳಗೆ ಹೋಗಬೇಕಾಗುತ್ತಿತ್ತು.

ಮೇ ಕೊನೆಗೆ ಕಂಪನಿಯಿಂದ ಪತ್ರ ಬಂತು. ಎರಡು ತಿಂಗಳು ಸಂಪರ್ಕ ಸರಿಯಿಲ್ಲ. ಜೂನ್‌ನಲ್ಲೂ ಹೀಗೇ ಆದರೆ ಮನೆಯಿಂದ ಕೆಲಸ ಬಂದ್, ದಿನಾ ಆಫೀಸಿಗೆ ಬರಬೇಕು. ಮನೆಯ ವೈಫೈ ಪಾಸ್‌ವರ್ಡ್ ಮನೆಯವರನ್ನು ಬಿಟ್ಟು ಬೇರೆಯವರಿಗೆ ತಿಳಿದಿರಕೂಡದು ಎಂದೂ ಅದರಲ್ಲಿತ್ತು. ಕಾಚಿಗೂಡದಿಂದ ಹೈಟೆಕ್ ಸಿಟಿಗೆ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಮೂರೂವರೆ ತಾಸು. ಅದರ ಮೇಲೆ ಆರು ತಾಸಿನ ಕೆಲಸ. ಅಷ್ಟು ಹೊತ್ತು ಬಸಲಿಂಗಮ್ಮನನ್ನು ಎಬ್ಬಿಸಿ ಕೂರಿಸುವವರಿಲ್ಲ. ಅಂದರೆ ನೌಕರಿ ಹೋದ ಹಾಗೆಯೇ. ಗುರುದೇವಿ ಪತ್ರವನ್ನು ಎರಡು ಸಲ ಓದಿದಳು, ಯಾರಿಗೂ ಹೇಳಲಿಲ್ಲ. ಹೇಳಿದರೆ, ಹೋಗಲಿ ಬಿಡು, ಮನೆಯಲ್ಲೇನು ಕಡಿಮೆಯಾಗಿದೆ ಎಂಬ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆ ಮಾತು ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಕಂಪನಿಯ ತಾಂತ್ರಿಕ ವಿಭಾಗದಲ್ಲಿ ಶ್ರೀಲಕ್ಷ್ಮಿ ಎಂಬ ಹುಡುಗಿಯಿದ್ದಳು, ಬಳ್ಳಾರಿಯವಳು. ಜೂನ್ ಒಂದರ ಬೆಳಿಗ್ಗೆ ಅವಳು ಫೋನಿನಲ್ಲೇ ದಾರಿ ತೋರಿಸಿದಳು. ರೂಟರಿನ ತಳದಲ್ಲಿ ಅಂಟಿಸಿದ ಚೀಟಿ ನೋಡಿ, ಅಲ್ಲಿದ್ದ ಅಂಕಿಗಳನ್ನು ಬ್ರೌಸರಿನಲ್ಲಿ ಹಾಕಿ ಎಂದಳು. ಗುರುದೇವಿ ಹಾಕಿದಳು, ರೂಟರಿನ ಒಳಮನೆ ತೆರೆಯಿತು. ಅಲ್ಲಿ ಒಂದು ಪಟ್ಟಿ: ಈ ಗಳಿಗೆಯಲ್ಲಿ ಸೇರಿಕೊಂಡಿರುವ ಸಾಧನಗಳು ಮೂವತ್ತೊಂದು. ಮನೆಯವರವು ಏಳು. ಉಳಿದ ಇಪ್ಪತ್ನಾಲ್ಕು ಯಾರವೆಂದು ಕೇಳಿದ್ದಕ್ಕೆ, ಅದು ನನಗಿಂತ ನಿಮಗೇ ಗೊತ್ತಿರಬೇಕು ಮೇಡಮ್ ಎಂದು ಶ್ರೀಲಕ್ಷ್ಮಿ ನಕ್ಕಳು. ಬಂದವರಿಗೆಂದು ಬೇರೆ ಹೆಸರಿನ ವೈಫೈ ಇಡಲು ಬರುತ್ತದೆ, ಆದರೆ ತಿಂಗಳ ಡಾಟಾ ಎರಡಕ್ಕೂ ಒಂದೇ, ಅದರಿಂದ ನಿಮ್ಮ ಕಷ್ಟ ತಪ್ಪುವುದಿಲ್ಲ ಎಂದೂ ಹೇಳಿದಳು. ಗುರುದೇವಿ ಯಾರ ಊಹೆಗೂ ನಿಲುಕದ ಹದಿನಾಲ್ಕು ಅಕ್ಷರ ಅಂಕಿಗಳ ಹೊಸ ಪಾಸ್‌ವರ್ಡ್ ಹಾಕಿ, ಸೇವ್ ಒತ್ತಿದಳು. ಒತ್ತಿದ್ದೇ ತಡ, ಅವಳ ಕೈಯಲ್ಲಿದ್ದ ಫೋನೇ ವೈಫೈಯಿಂದ ಹೊರಗೆ ಬಿತ್ತು. ಅಯ್ಯೋ, ನನ್ನದೇ ಹೋಯಿತಲ್ಲ ಎಂದಳು. ಗಾಬರಿಯಾಗಬೇಡಿ, ಎಲ್ಲವೂ ಹೀಗೇ ಹೊರಗೆ ಬೀಳುತ್ತವೆ, ಹೊಸದನ್ನು ಹಾಕಿದವು ಮಾತ್ರ ಒಳಗೆ ಬರುತ್ತವೆ ಎಂದು ಶ್ರೀಲಕ್ಷ್ಮಿ ಸಮಾಧಾನ ಹೇಳಿದಳು.

ಅರ್ಧ ತಾಸಿನೊಳಗೆ ಮನೆಯ ಮೂಲೆಮೂಲೆಯಿಂದ ಪ್ರಶ್ನೆ ಬರತೊಡಗಿದವು. ಟೀವಿ ಯಾಕೆ ನಿಂತಿತು, ಬಿಲ್ ಕಟ್ಟಿಲ್ಲವೇ, ಬಸಲಿಂಗಮ್ಮಜ್ಜಿಯ ಟ್ಯಾಬಿನಲ್ಲಿ ಪ್ರವಚನ ಯಾಕೆ ತಿರುಗುತ್ತಲೇ ಇದೆ. ಆ ಹೊತ್ತಿಗೆ ಮನೆಯಲ್ಲಿ ನೆಂಟರೇ ಆರು ಜನ. ಒಂದೇ ಉತ್ತರವನ್ನು ಹನ್ನೊಂದನೆಯ ಸಲ ಹೇಳುವಾಗ ಗುರುದೇವಿಗೆ ಸುಸ್ತು ನಾಲಿಗೆಗೇ ಬಂತು. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ ಎಂದು ಬರೆಯತೊಡಗಿದಳು. ತಲೆಬರಹ: “ನಮ್ಮ ಕುಟುಂಬದವರಿಗೆ.”

“ಪಾಸ್‌ವರ್ಡ್ ಏಕೆ ಬದಲಾಯಿತು? ಸುರಕ್ಷತೆಗಾಗಿ.

ಬಿಲ್ ಕಟ್ಟಿಲ್ಲವೇ? ಕಟ್ಟಿದೆ.

ವೈಫೈ ಹೆಸರು ಕಾಣುತ್ತದೆ, ಆದರೂ ಏಕೆ ಸೇರುವುದಿಲ್ಲ? ಹೆಸರು ಹಳೆಯದೇ, ಪಾಸ್‌ವರ್ಡ್ ಮಾತ್ರ ಹೊಸದು. ನಿಮ್ಮ ಫೋನು ಹಳೆಯದನ್ನೇ ನೆನಪಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಹೇಳುತ್ತಿದೆ.

ಫೋನಿನಲ್ಲಿ ಏನು ಮಾಡಬೇಕು? ಸೆಟ್ಟಿಂಗ್ಸ್, ಅದರಲ್ಲಿ ವೈಫೈ. ನಮ್ಮ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫರ್ಗೆಟ್ ಎಂದು ಬರುತ್ತದೆ, ಒತ್ತಿ. ಆಮೇಲೆ ಅದೇ ಹೆಸರು ಮುಟ್ಟಿ ಹೊಸ ಪಾಸ್‌ವರ್ಡ್ ಹಾಕಿ. ದೊಡ್ಡಕ್ಷರ ಸಣ್ಣಕ್ಷರ ಇದ್ದ ಹಾಗೆಯೇ ಹಾಕಬೇಕು.

ಫರ್ಗೆಟ್ ಒತ್ತಿದರೆ ಫೋಟೊ, ನಂಬರು ಹೋಗುತ್ತವೆಯೇ? ಇಲ್ಲ. ಪಾಸ್‌ವರ್ಡ್ ಮಾತ್ರ ಮರೆಯುತ್ತದೆ.

ಟೀವಿ, ಅಜ್ಜಿಯ ಟ್ಯಾಬು, ಪ್ರಿಂಟರಿಗೆ? ಅವಕ್ಕೂ ಒಂದೊಂದಕ್ಕೆ ಬೇರೆ ಬೇರೆ ಹಾಕಬೇಕು. ಟೀವಿಗೆ ರಿಮೋಟಿನಿಂದ, ನೆಟ್‌ವರ್ಕ್ ಎಂಬಲ್ಲಿ. ಪ್ರಿಂಟರಿಗೆ ನಾನೇ ಹಾಕುತ್ತೇನೆ.

ರೂಟರಿನ ಹಿಂದಿನ ಸಣ್ಣ ತೂತಿನಲ್ಲಿ ಪಿನ್ನು ಒತ್ತಿದರೆ ಸರಿಯಾಗುತ್ತದೆಯಂತೆ? ದಯವಿಟ್ಟು ಒತ್ತಬೇಡಿ. ಒತ್ತಿದರೆ ನೆಟ್ ಕಂಪನಿಯವರು ಹಾಕಿದ್ದೆಲ್ಲ ಅಳಿಸಿಹೋಗಿ, ಅವರು ಬರುವ ತನಕ ಯಾರಿಗೂ ನೆಟ್ ಇರುವುದಿಲ್ಲ.

ನನ್ನ ಫೋನಿನಲ್ಲಿ ನೆಟ್ ಬರುತ್ತಲೇ ಇದೆಯಲ್ಲ? ಅದು ನಿಮ್ಮ ಸಿಮ್ಮಿನ ಡಾಟಾ. ಮೇಲಿನ ಗುರುತು ನೋಡಿ.

ಹೊಸ ಪಾಸ್‌ವರ್ಡ್ ಏನು? ಗುರುದೇವಿಯನ್ನು ಕೇಳಿ.”

ಕೊನೆಯ ಉತ್ತರವನ್ನು ಬೇಕೆಂದೇ ಹಾಗೆ ಬರೆದಿದ್ದಳು. ಕೇಳಲು ಬಂದವರನ್ನು ನೋಡಿ, ಮನೆಯ ಏಳು ಸಾಧನಕ್ಕೆ ಮಾತ್ರ ಹಾಕಿಕೊಡುವುದು, ಉಳಿದವರಿಗೆ ಏನೋ ಒಂದು ಸಬೂಬು ಎಂಬುದು ಅವಳ ಲೆಕ್ಕ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಗಂಡನ ಫೋನಿಗೆ ಹಾಕಿಕೊಡುವಾಗ ಅಕ್ಷರಗಳನ್ನು ಬಾಯಲ್ಲಿ ಹೇಳಿದಳು. ಸ್ಟೋರ್ಸಿನ ಮನುಷ್ಯ, ಅಭ್ಯಾಸ ಬಲದಿಂದ ಚೀಟಿಯ ಮೇಲೆ ಬರೆದುಕೊಂಡ. ಆ ದಿನ ಎರಡರಿಂದ ಎಂಟರವರೆಗೆ ಒಂದು ಸಲವೂ ಲಾಗಿನ್ ಹರಿಯಲಿಲ್ಲ. ಗುರುದೇವಿ ಎಷ್ಟೋ ದಿನದ ಮೇಲೆ ರಾತ್ರಿಯ ಊಟವನ್ನು ಕೂತು ಮಾಡಿದಳು.

ಮರುದಿನ ಬೆಳಿಗ್ಗೆ ಚಂದ್ರಹಾಸ ಕಾರ್ಖಾನೆಗೆ ಹೊರಟವನು ಫ್ರಿಜ್ಜಿನ ಮುಂದೆ ನಿಂತು ಹಾಳೆಯನ್ನು ಪೂರ್ತಿ ಓದಿದ. ಅವನಿಗೆ ಹೆಮ್ಮೆಯೇ ಆಯಿತು. ಎಷ್ಟು ಚೆನ್ನಾಗಿ ಬರೆದಿದ್ದಾಳೆ, ಕೊನೆಯದೊಂದನ್ನು ಮಾತ್ರ ತುಂಬುವುದು ಮರೆತಿದ್ದಾಳೆ ಅಂದುಕೊಂಡ. ಸ್ಟೋರ್ಸಿನಲ್ಲಿ ಖಾಲಿ ಬಿಟ್ಟ ಕಾಲಮ್ಮು ಕಂಡರೆ ಅವನ ಕೈ ತಡೆಯದು. “ಗುರುದೇವಿಯನ್ನು ಕೇಳಿ” ಎಂಬುದರ ಪಕ್ಕದಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಪಾಸ್‌ವರ್ಡನ್ನು ಬರೆದ, ದೊಡ್ಡಕ್ಷರಗಳ ಕೆಳಗೆ ಗೆರೆ ಬೇರೆ ಎಳೆದ. ಫೋಟೊ ತೆಗೆದು “ಕಾಚಿಗೂಡ ಮನೆ” ಎಂಬ ವಾಟ್ಸಾಪ್ ಗುಂಪಿಗೆ ಹಾಕಿದ. ತಲೆಬರಹದಲ್ಲೇ ಕುಟುಂಬದವರಿಗೆ ಎಂದಿತ್ತಲ್ಲ, ಗುಂಪಿನಲ್ಲಿದ್ದವರೆಲ್ಲ ಕುಟುಂಬದವರೇ. ಎಪ್ಪತ್ತೊಂದು ಮಂದಿ.

ಬೇಲಿ ಕಟ್ಟಿದ ಮರುದಿನವೇ ಮನೆಯ ಯಜಮಾನ ಅದರ ಬಾಗಿಲು ತೆರೆದಿಟ್ಟ. ಗುರುದೇವಿ ಗುಂಪನ್ನು ನೋಡುವ ಹೊತ್ತಿಗೆ ಮಧ್ಯಾಹ್ನ. ಕೈ ಮುಗಿದ ಚಿತ್ರಗಳು ಮೂವತ್ತು ಬಂದಿದ್ದವು. ರೂಟರಿನ ಪಟ್ಟಿ ತೆರೆದಳು: ಇಪ್ಪತ್ತಾರು. ಅಟ್ಟದ ಹುಡುಗರು ಬಂದಿದ್ದರು, ಲಾಡ್ಜಿನವರು ಬಂದಿದ್ದರು. ಮತ್ತೆ ಬದಲಿಸಬೇಕೆಂದು ಅಂದೇ ಅನ್ನಿಸಿತು. ಆದರೆ ಬದಲಿಸಿದರೆ ಮತ್ತೆ ಏಳು ಸಾಧನ, ಮತ್ತೆ ಪ್ರಶ್ನೆ, ಗಂಡನ ಜೊತೆ ಮಾತಿಗೆ ಮಾತು, ಅತ್ತೆಯ ಗೊಣಗು. ನಿನ್ನೆ ಅಷ್ಟು ಬರೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅಡುಗೆಮನೆಯ ಕಟ್ಟೆಗೆ ಒರಗಿದಳು. ಸಿಟ್ಟಿಗಿಂತ ನಿದ್ದೆ ಬರುತ್ತಿತ್ತು.

ಅದರ ಮರುದಿನ, ಶುಕ್ರವಾರ, ಲಾಗಿನ್ ನಾಲ್ಕು ಸಲ ಹರಿಯಿತು. ಸಂಜೆ ಶ್ರೀಲಕ್ಷ್ಮಿಯ ಫೋನು. ಮೇಲಿನವರು ದಿನದಿನದ ವರದಿ ನೋಡುತ್ತಿದ್ದಾರೆ, ಇನ್ನೊಂದು ದಿನ ಹೀಗಾದರೆ ನನ್ನ ಕೈಯಲ್ಲೇನಿಲ್ಲ ಮೇಡಮ್ ಎಂದಳು. ಪಡಸಾಲೆಯಲ್ಲಿ ಚಂದ್ರಹಾಸನ ಚಿಕ್ಕಪ್ಪನ ಮಗ ಗೊಲ್ಲಾಳಪ್ಪ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದ. ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆಂದು ಬಂದು ನಾಲ್ಕು ದಿನ ಉಳಿದುಹೋಗುವ ಮನುಷ್ಯ. ನೆಟ್ ಭಾಳ ಹಗೂರ ನಡದೈತ್ರಿ ವೈನಿ, ಕಂಪನಿಯವರಿಗೆ ಒಂದು ಫೋನ್ ಮಾಡಬಾರದೇ ಎಂದು ಅವನು ಅತ್ತಿಗೆಯನ್ನು ಕೂಗಿ ಕೇಳಿದ. ಆ ರಾತ್ರಿಯೇ ಬಸ್ಸು ಹಿಡಿದು ಊರಿಗೆ ಹೋದ.

ಶನಿವಾರ ಬೆಳಿಗ್ಗೆ ಮಳೆ ಹಿಡಿದಿತ್ತು. ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಚಂದ್ರಾಮ ನಿಂತಿದ್ದ. ಮಳೆಗೆ, ಕೂಲಿಯವರು ನಿಲ್ಲುವ ಅಡ್ಡಾದಲ್ಲಿ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಅಂಗಿಯೊಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ತೆಗೆದ. ಮೂರು ದಿನದಿಂದ ಹೆಂಡತಿಯ ಮುಖ ಬರುತ್ತಿಲ್ಲ, ಫೋನು ಕೆಟ್ಟಿದೆ, ಅಬಿಡ್ಸಿನ ಅಂಗಡಿಗೆ ಹೋದರೆ ರಿಪೇರಿಯಾದೀತೇ ಎಂದು ಕೇಳಲು ಬಂದಿದ್ದ. ಗುರುದೇವಿಗೆ ಆಗ ಹೊಳೆಯಿತು. ವಾಟ್ಸಾಪ್ ಗುಂಪಿನಲ್ಲಿ ಇವನಿಲ್ಲ, ಇದ್ದರೂ ಓದಲಾರ. ಯಾರನ್ನು ತಡೆಯಬೇಕೆಂದು ಮಾಡಿದಳೋ ಅವರೆಲ್ಲ ಒಳಗಿದ್ದಾರೆ. ಹೊರಗೆ ಉಳಿದವನು ಇವನೊಬ್ಬನೇ.

“ಫೋನ್ ಕೆಟ್ಟಿಲ್ಲಪ್ಪ” ಎಂದಳು. “ನಾನ ಪಾಸ್‌ವರ್ಡ್ ಬದಲಿ ಮಾಡೀನಿ. ಹಳೇದು ನಡಿಯೂದಿಲ್ಲ.”

ಯಾಕೆಂದು ಕೇಳದೆ ಅವನು ಫೋನನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತತೊಡಗಿದ. ಸುರಕ್ಷತೆ ಎಂದು ಇವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೂರು ದಿನದಿಂದ ಕಾಗದದ ಮೇಲೆ ಇರದಿದ್ದ ಉತ್ತರ ಬಾಗಿಲಲ್ಲಿ ನಿಂತೇ ಹೊರಬಂತು. ಎರಡರಿಂದ ಎಂಟರ ತನಕ ತಾನು ಕೆಲಸ ಮಾಡುತ್ತೇನೆ, ನೆಟ್ ಇಷ್ಟೇ ಇರುತ್ತದೆ, ಎಲ್ಲರೂ ಹಚ್ಚಿದರೆ ಕಡಿಯುತ್ತದೆ, ಕಡಿದರೆ ಕಂಪನಿಯವರು ಬೈಯುತ್ತಾರೆ ಎಂದಳು.

ಚಂದ್ರಾಮ ಸುತ್ತುತ್ತಿದ್ದ ಕೈ ನಿಲ್ಲಿಸಿದ.

“ನಿಮ್ಮ ಕೆಲಸ ಹೋಗ್ತೈತೇನ್ರಿ ಅಕ್ಕಾರ?”

“ಹೂಂ” ಎಂದಳು ಗುರುದೇವಿ. “ಹೋಗಾಕತ್ತೈತಿ.”

“ಹಂಗಿದ್ರ ಬ್ಯಾಡ್ರಿ. ಮೊದಲ ಹೇಳಬೇಕಿತ್ರಿ. ನಾವೂ ಏಳಕ್ಕ ಅಡ್ಡಾದಾಗ ನಿಲ್ಲಲಿಲ್ಲಂದ್ರ ಕೆಲಸ ಮತ್ತೊಬ್ಬನ ಪಾಲ್ರಿ.” ಸ್ಟೇಷನ್ನಿನಲ್ಲಿ ಈಗ ಪುಕ್ಕಟೆ ವೈಫೈ ಬಂದಿದೆಯಂತೆ, ಜೊತೆಯ ಅಂಬಾದಾಸನಿಗೆ ಹಚ್ಚಲು ಬರುತ್ತದೆ, ಅಲ್ಲಿಗೇ ಹೋಗಿ ಮಾತಾಡುತ್ತೇನೆ ಎಂದ. ಕಟ್ಟೆಯ ಮೇಲೆ ಕೂರುವ ಉಳಿದವರಿಗೂ ಹೇಳುತ್ತೇನೆ ಎಂದು ಮಳೆಯಲ್ಲೇ ಇಳಿದುಹೋದ.

ಗುರುದೇವಿ ಬಾಗಿಲಲ್ಲೇ ಅತ್ತಳು. ಎಷ್ಟು ಜನ ಎಷ್ಟು ಪ್ರಶ್ನೆ ಕೇಳಿದ್ದರು, ಟೀವಿ, ಟ್ಯಾಬು, ಫೋಟೊ, ಬಿಲ್ಲು. ನಿನ್ನ ಕೆಲಸ ಏನಾಗುತ್ತದೆ ಎಂಬ ಈ ಒಂದನ್ನು ಯಾರೂ ಕೇಳಿರಲಿಲ್ಲ. ತಾನೂ ಬರೆದಿರಲಿಲ್ಲ. ಅದನ್ನು ಕೇಳಿದವನಿಂದಲೇ, ತಾನು ಕೊಟ್ಟಿದ್ದನ್ನು ಕಿತ್ತುಕೊಂಡಿದ್ದಳು, ಅದೂ ನೋಯುತ್ತಿತ್ತು.

ಹಿಂದೆ ಚಂದ್ರಹಾಸ ನಿಂತಿದ್ದ. ಶನಿವಾರ ಅವನಿಗೆ ರಜೆ, ಎಲ್ಲ ಕೇಳಿಸಿಕೊಂಡಿದ್ದ. ನೌಕರಿ ಹೋಗುವ ಮಾತು ನನಗೇಕೆ ಹೇಳಲಿಲ್ಲ ಎಂದು ಕೇಳಿದ. ಅವಳು ಕಣ್ಣೊರೆಸಿಕೊಂಡು ಹೋಗಿ, ರೂಟರಿನ ಒಳಮನೆ ತೆರೆದು, ಮತ್ತೊಂದು ಪಾಸ್‌ವರ್ಡ್ ಹಾಕಿದಳು. ಈ ಸಲ ಬಾಯಲ್ಲಿ ಹೇಳಲಿಲ್ಲ. ಟೀವಿ, ಟ್ಯಾಬು, ಪ್ರಿಂಟರು, ಒಂದೊಂದಕ್ಕೂ ತಾನೇ ಹಾಕಿದಳು. ಬಸಲಿಂಗಮ್ಮ ಹೊಸದೇನೆಂದು ಕೇಳಿದಳು, ಯಾರಾದರೂ ಬಂದರೆ ಹೇಳಬೇಕಲ್ಲ ಎಂದು. ಇನ್ನು ಹೇಳುವುದಿಲ್ಲ ಅತ್ತಿ ಎಂದು ಗುರುದೇವಿ ಪ್ರವಚನ ಹಚ್ಚಿಕೊಟ್ಟಳು. ಚಂದ್ರಹಾಸ ತನ್ನ ಫೋನನ್ನು ಅವಳ ಕೈಗೆ ಕೊಟ್ಟು, ಪಾಸ್‌ವರ್ಡ್ ಕಾಣದಂತೆ ಮುಖ ಆಚೆ ತಿರುಗಿಸಿದ.

ಅಷ್ಟರಲ್ಲಿ ಗುಂಪಿನಲ್ಲಿ ಗದ್ದಲ ಶುರುವಾಗಿತ್ತು. ಅಟ್ಟದ ಹುಡುಗರು, ಲಾಡ್ಜಿನವರು, ಏನಾಯಿತು ಎಂದು. ಚಂದ್ರಹಾಸ ಕೂತು ಬಹಳ ಹೊತ್ತು ಯೋಚಿಸಿ ಬರೆದ: “ತಾಂತ್ರಿಕ ಕಾರಣಗಳಿಂದ ವೈಫೈ ಸದ್ಯಕ್ಕೆ ಲಭ್ಯವಿಲ್ಲ.” ಕಳಿಸುವ ಮೊದಲು ಹೆಂಡತಿಗೆ ತೋರಿಸಿದ.

“ಅಳಸ್ರಿ ಅದನ್ನ” ಎಂದಳು.

“ಮತ್ತೇನ್ ಬರೀಲಿ? ಮಂದಿ ಏನ್ ಅಂದ್ಕೋತಾರ?”

ಗುರುದೇವಿ ತನ್ನ ಫೋನು ತೆಗೆದುಕೊಂಡಳು. ಆ ಗುಂಪಿನಲ್ಲಿ ಅವಳು ಇಲ್ಲಿಯವರೆಗೆ ಬರೆದದ್ದು ಹುಟ್ಟುಹಬ್ಬದ ಹಾರೈಕೆ, ರೈಲಿನ ಸಮಯ ಇಷ್ಟೇ. ಈಗ ಬರೆದಳು: “ವೈಫೈ ಇನ್ನು ಮುಂದೆ ಮನೆಯಲ್ಲಿರುವ ಮೂವರಿಗೆ ಮಾತ್ರ. ನಾನು ನೌಕರಿ ಮಾಡುತ್ತೇನೆ. ನೆಟ್ ಕಡಿದು ಅದು ಹೋಗುವುದರಲ್ಲಿತ್ತು. ಬಂದವರಿಗೆ ಚಹಾ ಇದೆ, ಎರಡು ಗಂಟೆಯ ಒಳಗೆ. ಗುರುದೇವಿ.”

ಗುಂಪು ತಣ್ಣಗಾಯಿತು. ಆಮೇಲೆ ಒಂದೇ ಉತ್ತರ ಬಂತು, ಗೊಲ್ಲಾಳಪ್ಪನದು. ತಿಂಗಳಿಗೆ ನಾಲ್ಕು ದಿನ ಅದೇ ಪಡಸಾಲೆಯಲ್ಲಿ, ಅವಳ ಮೇಜಿಗೆ ಆರು ಅಡಿ ದೂರದಲ್ಲಿ ಕಾಲು ಚಾಚಿ ಕೂರುತ್ತಿದ್ದವನು ಬರೆದಿದ್ದ: “ವೈನಿ, ನೀವು ನೌಕರಿಗೆ ಯಾವಾಗ ಸೇರಿದ್ರಿ?”

ಚಂದ್ರಹಾಸ ಅದನ್ನು ಓದಿ ತಲೆ ತಗ್ಗಿಸಿದ. ಎರಡಕ್ಕೆ ಐದು ನಿಮಿಷವಿತ್ತು. ಗುರುದೇವಿ “ಎರಡು ವರ್ಷವಾಯಿತು” ಎಂದು ಬರೆದು, ಫೋನನ್ನು ಬೋರಲು ಹಾಕಿ, ಲ್ಯಾಪ್‌ಟಾಪ್ ತೆರೆದು ಕೂತಳು.